ಒಂದೇ ಪದ, ಎರಡು ಪ್ರಶ್ನೆ: ಸಂಧಿ, ಸಮಾಸ ಬಿಡಿಸುವಾಗ ಎಲ್ಲಿ ಎಡವುತ್ತೇವೆ

ಹತ್ತನೇ ಕ್ಲಾಸಿನಲ್ಲಿರುವ ನನ್ನ ಅಕ್ಕನ ಮಗ ಒಂದು ಸಂಜೆ ತಿದ್ದಿದ ಉತ್ತರಪತ್ರಿಕೆ ಹಿಡಿದುಕೊಂಡು ಬಂದ. "ಚಿಕ್ಕಮ್ಮ, ನೋಡಿ, ನಾನು ಸರಿಯಾಗೇ ಬರೆದಿದೀನಿ, ಆದ್ರೂ ಅಡ್ಡಗೆರೆ ಎಳೆದಿದಾರೆ" ಅಂದ. 'ಮಳೆಗಾಲ' ಪದವನ್ನು ಬಿಡಿಸಿ ಸಂಧಿ ಹೆಸರಿಸಿ ಅನ್ನುವುದು ಪ್ರಶ್ನೆ. ಅವನ ಉತ್ತರ: ಮಳೆಯ + ಕಾಲ = ಮಳೆಗಾಲ, ಆದೇಶ ಸಂಧಿ.

ಹೆಸರು ಸರಿ. ಬಿಡಿಸಿದ್ದು ತಪ್ಪು. "ಎರಡೂ ಒಂದೇ ಅಲ್ವಾ?" ಅಂತ ಅವನು ಕೇಳಿದಾಗ ನನಗೆ ಗೊತ್ತಾಯಿತು, ಇವನಿಗೆ ನಿಯಮ ಬರುತ್ತೆ, ಸಂಧಿಗೂ ಸಮಾಸಕ್ಕೂ ಬಿಡಿಸುವ ರೀತಿ ಬೇರೆ ಅನ್ನೋದನ್ನು ಮಾತ್ರ ಯಾರೂ ಬಿಡಿಸಿ ಹೇಳಿಲ್ಲ ಅಂತ. ಹಾಗಾಗಿ ಇಲ್ಲಿ ಎಲ್ಲ ನಿಯಮಗಳ ಪಟ್ಟಿ ಕೊಡಲ್ಲ, ಅದು ಪಠ್ಯಪುಸ್ತಕದಲ್ಲೇ ಇದೆ. ಪರೀಕ್ಷೆಯಲ್ಲಿ ಪದ ಕಣ್ಣಿಗೆ ಬಿದ್ದಾಗ ಯಾವ ಕ್ರಮದಲ್ಲಿ ಯೋಚಿಸಬೇಕು ಅನ್ನೋದನ್ನು ಹೇಳುತ್ತೇನೆ.

ಮೊದಲು ಪ್ರಶ್ನೆ ಓದಿ: ಕೇಳಿರುವುದು ಸದ್ದೋ, ಅರ್ಥವೋ

ಸಂಧಿ ಅಂದರೆ ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಸೇರುವುದು. ಅಲ್ಲಿ ನೋಡಬೇಕಾದ್ದು ಸದ್ದು ಮಾತ್ರ: ಮೊದಲ ಪದದ ಕೊನೆಯ ಅಕ್ಷರ, ಎರಡನೇ ಪದದ ಮೊದಲ ಅಕ್ಷರ, ಅವೆರಡರ ನಡುವೆ ಏನಾಯಿತು. ಸಮಾಸ ಹಾಗಲ್ಲ. ಎರಡೋ ಹೆಚ್ಚೋ ಪದಗಳು ಅರ್ಥಕ್ಕೆ ತಕ್ಕಂತೆ ಸೇರುವಾಗ ನಡುವಿದ್ದ ವಿಭಕ್ತಿ ಪ್ರತ್ಯಯ ಬಿದ್ದುಹೋಗಿ ಒಂದೇ ಪದವಾಗುತ್ತದೆ. ಆ ಬಿದ್ದುಹೋದ ಪ್ರತ್ಯಯವನ್ನು ಹುಡುಕಿ ವಾಪಸ್ ಕೂರಿಸುವುದೇ ವಿಗ್ರಹವಾಕ್ಯ.

ಈಗ ಮಳೆಗಾಲವನ್ನೇ ನೋಡಿ. ಸಂಧಿ ಕೇಳಿದರೆ ಮಳೆ + ಕಾಲ. ಕ ಹೋಗಿ ಗ ಬಂತು, ಆದೇಶ ಸಂಧಿ. ಸಮಾಸ ಕೇಳಿದರೆ ಮಳೆಯ + ಕಾಲ, ಷಷ್ಠಿ ವಿಭಕ್ತಿ ಕಾಣುತ್ತಿದೆ, ತತ್ಪುರುಷ ಸಮಾಸ. ಅಕ್ಕನ ಮಗ ಮಾಡಿದ್ದು ಇಷ್ಟೇ: ಸಮಾಸದ ವಿಗ್ರಹವಾಕ್ಯ ಬರೆದು ಮುಂದೆ ಸಂಧಿಯ ಹೆಸರು ಅಂಟಿಸಿದ್ದ. ಚಂದ್ರೋದಯವೂ ಹಾಗೇ. ಸಂಧಿಗೆ ಚಂದ್ರ + ಉದಯ, ಗುಣಸಂಧಿ. ಸಮಾಸಕ್ಕೆ ಚಂದ್ರನ + ಉದಯ, ತತ್ಪುರುಷ. ಸಂಧಿ ಬಿಡಿಸುವ ಜಾಗದಲ್ಲಿ 'ಚಂದ್ರನ' ಅಂತ ಬರೆದರೆ ಅದನ್ನು ಕೂಡಿಸಿದಾಗ ಚಂದ್ರೋದಯ ಬರೋದೇ ಇಲ್ಲ, ಚಂದ್ರನುದಯ ಆಗುತ್ತೆ.

ಈ ಕೊನೆಯ ಮಾತೇ ನಿಮ್ಮ ಪರೀಕ್ಷೆ. ಸಂಧಿ ಬಿಡಿಸಿದ ಮೇಲೆ ಎರಡು ತುಂಡುಗಳನ್ನು ನಿಯಮದ ಪ್ರಕಾರ ಮತ್ತೆ ಕೂಡಿಸಿ ನೋಡಿ. ಕೊಟ್ಟ ಪದ ವಾಪಸ್ ಬಂದರೆ ಸರಿ, ಬರದಿದ್ದರೆ ಎಲ್ಲೋ ಒಂದು ಅಕ್ಷರ ಜಾಸ್ತಿಯೋ ಕಡಿಮೆಯೋ ಆಗಿದೆ.

ಸಂಧಿಗೆ ಮೂರು ಪ್ರಶ್ನೆ

ಪದ ಬಿಡಿಸಿದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಅಕ್ಷರ ಹೋಯಿತಾ? ಹೊಸದು ಬಂತಾ? ಒಂದರ ಜಾಗಕ್ಕೆ ಇನ್ನೊಂದು ಬಂತಾ? ಹೋದರೆ ಲೋಪ, ಬಂದರೆ ಆಗಮ, ಬದಲಾದರೆ ಆದೇಶ. ಹೆಸರೇ ನಿಯಮ ಹೇಳುತ್ತಿದೆ, ಬಾಯಿಪಾಠ ಬೇಕಿಲ್ಲ.

ಮಾತು + ಇಲ್ಲ = ಮಾತಿಲ್ಲ. 'ಮಾತು' ಪದದ ಕೊನೆಯ ಉ ಎಲ್ಲಿ? ಹೋಯಿತು, ಲೋಪ. ಮನೆ + ಅನ್ನು = ಮನೆಯನ್ನು. ಎ ಹಾಗೇ ಇದೆ, ಅ ಹಾಗೇ ಇದೆ, ನಡುವೆ ಯ ಬಂದು ಕೂತಿದೆ, ಆಗಮ. ಗುರು + ಅನ್ನು = ಗುರುವನ್ನು, ಇಲ್ಲಿ ವ. ಯಾವಾಗ ಯ, ಯಾವಾಗ ವ ಅನ್ನೋದನ್ನು ಮೊದಲ ಪದದ ಕೊನೆಯ ಸ್ವರ ತೀರ್ಮಾನಿಸುತ್ತದೆ. ಇ, ಈ, ಎ, ಏ, ಐ ಥರದವು ಇದ್ದರೆ ಯ. ಉ, ಊ, ಋ, ಓ ಇದ್ದರೆ ವ. ಅಕಾರದ ಮುಂದೆಯೂ ವ ಬರುತ್ತೆ: ಹೊಲ + ಅನ್ನು = ಹೊಲವನ್ನು. ಒಮ್ಮೆ ಬಾಯಲ್ಲಿ ಹೇಳಿಕೊಂಡರೆ ಸಾಕು, 'ಮನೆವನ್ನು' ಅಂತ ಯಾವ ಕನ್ನಡದ ಬಾಯಿಯೂ ಹೇಳಲ್ಲ.

ಊರು + ಅನ್ನು ಸೇರಿದಾಗ ಉ ಬಿದ್ದು 'ಊರನ್ನು' ಆಗುತ್ತೆ, ಗುರು + ಅನ್ನು ಸೇರಿದಾಗ ಯಾಕೆ 'ಗುರನ್ನು' ಆಗಲ್ಲ ಅಂತ ಮಕ್ಕಳು ಕೇಳುತ್ತಾರೆ. ಒಳ್ಳೇ ಪ್ರಶ್ನೆ. ಸ್ವರದ ಮುಂದೆ ಸ್ವರ ಬಂದಾಗ ಅರ್ಥ ಕೆಡದಿದ್ದರೆ ಲೋಪ, ಕೆಡುವ ಹಾಗಿದ್ದರೆ ಆಗಮ. 'ಅರ್ಥ ಕೆಡದಂತೆ' ಅನ್ನುವ ಆ ಒಂದು ತುಂಡು ಲೋಪಸಂಧಿಯ ಸೂತ್ರದಲ್ಲಿ ಇರಲೇಬೇಕು, ಸೂತ್ರ ಬರೆಯಿರಿ ಅಂದಾಗ ಜಾಸ್ತಿ ಮಂದಿ ಬಿಡುವುದೂ ಅದನ್ನೇ.

ಆದೇಶದಲ್ಲಿ ಎರಡನೇ ಪದದ ಮೊದಲಲ್ಲಿರುವ ಕ, ತ, ಪ ಗಳಿಗೆ ಕ್ರಮವಾಗಿ ಗ, ದ, ಬ ಬರುತ್ತವೆ. ಮಳೆಗಾಲ, ಹುಲಿ + ತೊಗಲು = ಹುಲಿದೊಗಲು, ಕಣ್ + ಪನಿ = ಕಂಬನಿ. ಈ ಕಂಬನಿಯಲ್ಲಿ ಒಂದು ಗುಂಡಿ ಇದೆ. ನಾವು ಈಗ ಹೇಳುವುದು 'ಹನಿ', ಹಾಗಾಗಿ ಮಕ್ಕಳು ಕಣ್ + ಹನಿ ಅಂತಲೋ, ಇನ್ನೂ ಸುಲಭ ಅಂತ ಕಣ್ + ಬನಿ ಅಂತಲೋ ಬರೆಯುತ್ತಾರೆ. ಹಳಗನ್ನಡದ ಪಕಾರವೇ ಹೊಸಗನ್ನಡದಲ್ಲಿ ಹಕಾರ ಆಗಿದೆ: ಪಾಲು ಹಾಲಾಯಿತು, ಪನಿ ಹನಿಯಾಯಿತು. ಬ ಬಂದಿದ್ದು ಆ ಹಳೆಯ ಪ ಜಾಗಕ್ಕೆ. ಆದ್ದರಿಂದ ಬಿಡಿಸುವಾಗ ಪನಿ ಅಂತಲೇ ಬರೆಯಬೇಕು.

ಇನ್ನೊಂದು ಮಾತು. ಕ, ತ, ಪ ಕಂಡಲ್ಲೆಲ್ಲ ಆದೇಶ ಆಗಲ್ಲ. 'ಮನೆಕೆಲಸ'ದಲ್ಲಿ ಕ ಹಾಗೇ ಇದೆ, 'ಮನೆಗೆಲಸ'ದಲ್ಲಿ ಬದಲಾಗಿದೆ, ಎರಡೂ ಬಳಕೆಯಲ್ಲಿವೆ. ಕೊಟ್ಟ ಪದದಲ್ಲಿ ಬದಲಾವಣೆ ಕಂಡರೆ ಮಾತ್ರ ಆದೇಶ ಅನ್ನಿ.

ಸಂಸ್ಕೃತ ಸಂಧಿಯೋ, ಕನ್ನಡ ಸಂಧಿಯೋ

ಎರಡೂ ತುಂಡು ಸಂಸ್ಕೃತದವಾದರೆ ಸಂಸ್ಕೃತ ಸಂಧಿ. ಒಂದು ಕನ್ನಡದ್ದಾದರೂ ಕನ್ನಡ ಸಂಧಿ. ಗುರು ಸಂಸ್ಕೃತ ಪದವೇ, ಆದರೆ 'ಅನ್ನು' ನಮ್ಮ ಪ್ರತ್ಯಯ, ಆದ್ದರಿಂದ 'ಗುರುವನ್ನು' ಕನ್ನಡದ ಆಗಮ ಸಂಧಿ. ಅದೇ ಗುರು + ಉಪದೇಶ = ಗುರೂಪದೇಶ ಅಂದರೆ ಸವರ್ಣದೀರ್ಘ. ಅನ್ನು, ಇಂದ, ಇಗೆ, ಅಲ್ಲಿ ಕಣ್ಣಿಗೆ ಬಿದ್ದರೆ ಸಂಸ್ಕೃತ ಸಂಧಿಯ ಯೋಚನೆಯನ್ನೇ ಬಿಡಿ. ಪದ ಯಾವ ಭಾಷೆಯದು ಅಂತ ಗೊತ್ತಾಗದಿದ್ದರೆ ಒಂದು ಗುರುತು ಇದೆ: ಹ್ರಸ್ವ ಎ, ಒ ಸಂಸ್ಕೃತದಲ್ಲಿ ಇಲ್ಲ. ಮನೆ, ಕೆರೆ, ಒಂದು, ಎಲೆ, ಇವೆಲ್ಲ ನಮ್ಮವು. ಭೂಮಿ, ಋಷಿ, ಷಟ್ ಥರ ಮಹಾಪ್ರಾಣ, ಋ, ಷ ಇದ್ದರೆ ಬಹುಮಟ್ಟಿಗೆ ಸಂಸ್ಕೃತ. 'ಶಾಲೆ', 'ಭಾಷೆ' ಥರ ಸಂಸ್ಕೃತದ ಆಕಾರಾಂತ ಪದಗಳು ಕನ್ನಡಕ್ಕೆ ಬಂದು ಎಕಾರಾಂತ ಆಗಿರುತ್ತವೆ, ಅಲ್ಲಿ ಮಾತ್ರ ಸ್ವಲ್ಪ ಹುಷಾರು.

ಈ ವಿಂಗಡಣೆ ಯಾಕೆ ಬೇಕು ಅಂದರೆ, ಅವನ + ಊರು ನೋಡಿ. ಅ ಮುಂದೆ ಊ. ಸಂಸ್ಕೃತದ ಗುಣಸಂಧಿ ನಿಯಮ ಹಚ್ಚಿದರೆ 'ಅವನೋರು' ಆಗಬೇಕು! ಹಾಗೆ ಯಾರೂ ಅನ್ನಲ್ಲ. ಅವನೂರು, ಅ ಬಿತ್ತು, ಲೋಪ.

ಸ್ವರಸಂಧಿಯಲ್ಲಿ ಮೊದಲು ಕೇಳಬೇಕಾದ್ದು: ಎರಡೂ ಒಂದೇ ಜಾತಿಯ ಸ್ವರವಾ? ಕವಿ + ಇಂದ್ರ = ಕವೀಂದ್ರ, ಇ ಮತ್ತು ಇ ಸೇರಿ ಈ, ಸವರ್ಣದೀರ್ಘ. ಬೇರೆ ಬೇರೆಯಾದರೆ ಮೊದಲ ಸ್ವರ ನೋಡಿ. ಅದು ಅ ಅಥವಾ ಆ ಆಗಿದ್ದರೆ ಗುಣ ಇಲ್ಲವೇ ವೃದ್ಧಿ. ಮುಂದೆ ಇ, ಉ, ಋ ಇದ್ದು ಏ, ಓ, ಅರ್ ಬಂದರೆ ಗುಣ: ಮಹಾ + ಈಶ = ಮಹೇಶ, ಮಹಾ + ಋಷಿ = ಮಹರ್ಷಿ. ಮುಂದೆ ಏ, ಐ, ಓ, ಔ ಇದ್ದು ಐ, ಔ ಬಂದರೆ ವೃದ್ಧಿ: ಏಕ + ಏಕ = ಏಕೈಕ, ವನ + ಔಷಧ = ವನೌಷಧ. ಮೊದಲ ಸ್ವರ ಇ, ಉ, ಋ ಆಗಿದ್ದು ಮುಂದೆ ಬೇರೆ ಸ್ವರ ಬಂದರೆ ಯಣ್ ಸಂಧಿ: ಅತಿ + ಅಂತ = ಅತ್ಯಂತ, ಮನು + ಅಂತರ = ಮನ್ವಂತರ, ಪಿತೃ + ಆರ್ಜಿತ = ಪಿತ್ರಾರ್ಜಿತ. ಮಹರ್ಷಿಯನ್ನು 'ಮಹ + ಋಷಿ' ಅಂತ ಬಿಡಿಸಬೇಡಿ, ಮೂಲ ಪದ ಮಹಾ.

ಅತ್ಯಂತದಲ್ಲೂ ಯ ಇದೆ, ಮನೆಯನ್ನು ಪದದಲ್ಲೂ ಯ ಇದೆ. ಯ ಕಂಡ ತಕ್ಷಣ ಯಕಾರಾಗಮ ಅಂತ ಬರೆಯುವ ಅಭ್ಯಾಸ ತುಂಬ ಜನರಿಗೆ ಇದೆ. ಹಳೆಯ ಸ್ವರ ಉಳಿದಿದೆಯಾ ನೋಡಿ. ಮನೆಯ ಎ ಉಳಿದಿದೆ, ಯ ಹೊಸದಾಗಿ ಬಂದಿದೆ. ಅತಿಯ ಇ ಉಳಿದಿಲ್ಲ, ಅದೇ ಯ್ ಆಗಿದೆ, ಅದಕ್ಕೇ ತಕಾರಕ್ಕೆ ಒತ್ತಾಗಿ ಕೂತಿದೆ. ಒತ್ತಕ್ಷರವಾಗಿ ಯ, ವ, ರ ಕಂಡರೆ ಯಣ್ ಇರಬಹುದು ಅಂತ ಮನಸ್ಸು ಓಡಲಿ.

ವ್ಯಂಜನಸಂಧಿಗೆ 'ಜಗತ್' ಒಂದೇ ಪದ ಸಾಕು. ಜಗತ್ + ಈಶ = ಜಗದೀಶ: ತ್ ಹೋಗಿ ಅದೇ ವರ್ಗದ ಮೂರನೇ ಅಕ್ಷರ ದ್ ಬಂತು, ಜಶ್ತ್ವ. ಜಗತ್ + ಜ್ಯೋತಿ = ಜಗಜ್ಜ್ಯೋತಿ: ತ್ ಮುಂದೆ ಚವರ್ಗದ ಅಕ್ಷರ ಬಂದಿದ್ದಕ್ಕೆ ತಾನೂ ಚವರ್ಗಕ್ಕೆ ಹೋಯಿತು, ಶ್ಚುತ್ವ. ಜಗತ್ + ನಾಥ = ಜಗನ್ನಾಥ: ಮುಂದೆ ಅನುನಾಸಿಕ ಇದ್ದಿದ್ದಕ್ಕೆ ತ್ ತನ್ನ ವರ್ಗದ ಅನುನಾಸಿಕ ನ್ ಆಯಿತು, ಅನುನಾಸಿಕ ಸಂಧಿ. ಅಂದರೆ ಸಂಧಿ ಯಾವುದು ಅನ್ನೋದನ್ನು ಇಲ್ಲಿ ಎರಡನೇ ಪದದ ಮೊದಲ ಅಕ್ಷರ ತೀರ್ಮಾನಿಸುತ್ತದೆ, ಬದಲಾಗುವುದು ಮಾತ್ರ ಮೊದಲ ಪದದ ಕೊನೆಯ ಅಕ್ಷರ (ಸಕಾರದ ಶ್ಚುತ್ವವೂ ಹಾಗೇ: ಮನಸ್ + ಶುದ್ಧಿ = ಮನಶ್ಶುದ್ಧಿ).

ಜಶ್ತ್ವಕ್ಕೂ ಆದೇಶಕ್ಕೂ ಗೊಂದಲ ಆಗುವುದು ಎರಡರಲ್ಲೂ ಕ ಹೋಗಿ ಗ ಬರುವುದರಿಂದ. ಮಳೆ + ಕಾಲದಲ್ಲಿ ಬದಲಾದ ಕ ಎರಡನೇ ಪದದ್ದು. ದಿಕ್ + ಅಂತ = ದಿಗಂತದಲ್ಲಿ ಬದಲಾದ ಕ್ ಮೊದಲ ಪದದ್ದು. ಕೂಡಿಸುವ ಗುರುತಿನ ಎಡಕ್ಕೆ ಬದಲಾದರೆ ಜಶ್ತ್ವ, ಬಲಕ್ಕೆ ಬದಲಾದರೆ ಆದೇಶ. ಇದನ್ನು ಹೇಳಿಕೊಟ್ಟ ಮೇಲೆ ನಮ್ಮ ಹುಡುಗ ಈ ಎರಡರಲ್ಲಿ ತಪ್ಪಿಲ್ಲ.

ಸಮಾಸಕ್ಕೆ 'ಕೈ' ಹಿಡಿದು ಹೋಗೋಣ

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಪದ ಯಾವುದರ ಬಗ್ಗೆ ಹೇಳುತ್ತಿದೆ? ಎರಡನೇ ಪದದ ಬಗ್ಗೆಯೋ, ಮೊದಲನೆಯದರ ಬಗ್ಗೆಯೋ, ಎರಡರ ಬಗ್ಗೆಯೋ, ಎರಡೂ ಅಲ್ಲದ ಮೂರನೆಯದರ ಬಗ್ಗೆಯೋ?

ಕೈಬರಹ ಅಂದರೆ ಬರಹ. ಯಾವ ಬರಹ? ಕೈಯ ಬರಹ. ಎರಡನೇ ಪದ ಮುಖ್ಯ, ನಡುವೆ ವಿಭಕ್ತಿ: ಕೈಯ + ಬರಹ, ತತ್ಪುರುಷ. ವಿಭಕ್ತಿ ಷಷ್ಠಿಯೇ ಆಗಬೇಕಿಲ್ಲ, ಹಗಲಿನಲ್ಲಿ + ಕನಸು = ಹಗಲುಗನಸು ಕೂಡ ತತ್ಪುರುಷವೇ.

ಅಂಗೈ ಅಂದರೆ ಕೈಯ ಒಂದು ಭಾಗ. ಕೈಯ + ಅಡಿ = ಅಂಗೈ. ವಿಗ್ರಹದಲ್ಲಿ 'ಕೈಯ' ಇರುವುದನ್ನು ನೋಡಿ ತತ್ಪುರುಷ ಅನ್ನಬೇಡಿ, ಇದು ಅಂಶಿ. ಗುರುತು ಸುಲಭ: ವಿಗ್ರಹವಾಕ್ಯದಲ್ಲಿ ಮೊದಲು ಬಂದ ಕೈ, ಸಮಾಸಪದದಲ್ಲಿ ಕೊನೆಗೆ ಹೋಗಿದೆ. ತಿರುವುಮುರುವಾದರೆ ಅಂಶಿ. ಕೈಯ + ಮುಂದು = ಮುಂಗೈ, ತಲೆಯ + ಮುಂದು = ಮುಂದಲೆ, ಬೆರಳಿನ + ತುದಿ = ತುದಿಬೆರಳು. 'ಮುಂದಿನ + ತಲೆ' ಅಂತ ಬಿಡಿಸಿದರೆ ಕೆಟ್ಟಿತು.

ಕೈಮುಗಿ ಅಂದರೆ ಕ್ರಿಯೆ. ಕೈಯನ್ನು + ಮುಗಿ, ಎರಡನೇ ಪದ ಕ್ರಿಯಾಪದ, ಕ್ರಿಯಾಸಮಾಸ. ಕೈಕಾಲು ಅಂದರೆ ಎರಡೂ ಬೇಕು, ಕೈಯೂ + ಕಾಲೂ, ದ್ವಂದ್ವ. ವಿಗ್ರಹದಲ್ಲಿ ಆ 'ಊ' ಎರಡು ಕಡೆಯೂ ಬರಬೇಕು, 'ಕೈ ಮತ್ತು ಕಾಲು' ಅಂತ ಬರೆಯುವವರಿದ್ದಾರೆ, ಬೇಡ. ಆ ಕೈ, ಈ ಕೈ ಅಂದರೆ ಅದು + ಕೈ, ಇದು + ಕೈ, ಗಮಕ. ಹುರಿದುದು + ಕಡಲೆ = ಹುರಿಗಡಲೆ ಕೂಡ ಗಮಕ, ಯಾಕಂದರೆ ಮೊದಲ ಪದ ಹುರಿ ಅನ್ನುವ ಧಾತುವಿನಿಂದ ಆದ ಕೃದಂತ.

ಗಮಕವನ್ನು ಕರ್ಮಧಾರಯದ ಜೊತೆ ಕಲಸಬೇಡಿ. ಕರ್ಮಧಾರಯದಲ್ಲಿ ಮೊದಲ ಪದ ಗುಣ ಹೇಳುತ್ತೆ: ಹಿರಿದು + ಮರ = ಹೆಮ್ಮರ, ಹಳೆಯದು + ಕನ್ನಡ = ಹಳಗನ್ನಡ, ಇನಿದು + ಸರ = ಇಂಚರ. ವಿಗ್ರಹದಲ್ಲಿ 'ಹೆ' ಅಂತಲೋ 'ಹೆಚ್ಚು' ಅಂತಲೋ ಬರೆದರೆ ತಪ್ಪು, 'ಹಿರಿದು' ಆಗಬೇಕು. ಇವುಗಳನ್ನು ಮಾತ್ರ ಒಂದಿಷ್ಟು ಬಾಯಿಪಾಠ ಮಾಡಲೇಬೇಕು, ಊಹೆಗೆ ಸಿಗಲ್ಲ.

ಸಂಖ್ಯೆ ಇದ್ದರೆ ದ್ವಿಗು ಅಂತ ಎಲ್ಲರಿಗೂ ಗೊತ್ತು, ಅಲ್ಲೇ ಬೀಳುವುದು. ಮೂರು + ಮಡಿ = ಮುಮ್ಮಡಿ ದ್ವಿಗು. ಮುಕ್ಕಣ್ಣ? ಮೂರು ಇದೆ, ಕಣ್ಣು ಇದೆ, ಆದರೆ ಪದ ಕಣ್ಣಿನ ಬಗ್ಗೆ ಹೇಳುತ್ತಿಲ್ಲ, ಶಿವನ ಬಗ್ಗೆ ಹೇಳುತ್ತಿದೆ. ಎರಡೂ ಪದ ಬಿಟ್ಟು ಮೂರನೆಯವರ ಕಡೆ ಬೆರಳು ತೋರಿಸಿದರೆ ಬಹುವ್ರೀಹಿ. ವಿಗ್ರಹ ಹೀಗೆ: ಮೂರು + ಕಣ್ಣು ಉಳ್ಳವನು ಯಾವನೋ ಅವನು = ಮುಕ್ಕಣ್ಣ (ಶಿವ). 'ಯಾವನೋ ಅವನು' ಬಿಟ್ಟರೆ ಉತ್ತರ ಅರ್ಧ. ಚಕ್ರಪಾಣಿಗೂ ಹಣೆಗಣ್ಣನಿಗೂ ಇದೇ ಅಚ್ಚು.

ಉತ್ತರ ಬರೆಯುವ ಕ್ರಮ

ಬಿಡಿಸಿ ಹೆಸರಿಸಿ ಅಂದರೆ ಒಂದೇ ಸಾಲು ಸಾಕು: ಮೊದಲ ಪದ, ಕೂಡಿಸುವ ಗುರುತು, ಎರಡನೇ ಪದ, ಸಮ ಗುರುತು, ಕೊಟ್ಟ ಪದ, ಆಮೇಲೆ ಹೆಸರು. ಹೆಸರನ್ನು ಪೂರ್ತಿ ಬರೆಯಿರಿ, ಬರೀ 'ಆಗಮ' ಅನ್ನದೆ 'ಆಗಮ ಸಂಧಿ (ಯಕಾರಾಗಮ)' ಅಂತ. ಸೂತ್ರ ಕೇಳಿದ್ದರೆ ಒಂದು ವಾಕ್ಯದ ಸೂತ್ರ, ಕೆಳಗೆ ಎರಡು ಉದಾಹರಣೆ. ಉದಾಹರಣೆಯಲ್ಲಿ ಬದಲಾದ ಅಕ್ಷರಗಳನ್ನು ಆವರಣದಲ್ಲಿ ತೋರಿಸಿ, ಉದಾಹರಣೆಗೆ: ಮಹಾ + ಈಶ = ಮಹೇಶ (ಆ + ಈ = ಏ).

ನಾಲ್ಕು ಆಯ್ಕೆ ಕೊಟ್ಟಿದ್ದರೂ ರಫ್ ಜಾಗದಲ್ಲಿ ಪದ ಬಿಡಿಸಿ ಆಮೇಲೆ ಆಯ್ಕೆ ನೋಡಿ. ಆಯ್ಕೆ ಮೊದಲು ನೋಡಿದರೆ ಕಣ್ಣು ಮೋಸ ಹೋಗುತ್ತೆ. ಮೊದಲೆರಡು ಪದಗಳ ಸಂಬಂಧ ನೋಡಿ ನಾಲ್ಕನೆಯದು ಬರೆಯಿರಿ ಅನ್ನುವ ಪ್ರಶ್ನೆಯಲ್ಲಿ, 'ಮಳೆಗಾಲ : ಆದೇಶ ಸಂಧಿ :: ಚಂದ್ರೋದಯ : ?' ಅಂತ ಇದ್ದರೆ ಎಡಗಡೆ ಸಂಧಿಯ ಹೆಸರು ಕೊಟ್ಟಿದ್ದಾರೆ, ಬಲಗಡೆಯೂ ಸಂಧಿಯ ಹೆಸರೇ ಬೇಕು, ಗುಣಸಂಧಿ. ತತ್ಪುರುಷ ಅಂತ ಬರೆದರೆ ಅದು ನಿಜವಾದರೂ ಉತ್ತರವಲ್ಲ.

ಕೊನೆಗೊಂದು ಪದ, ಪೂರ್ತಿ ಬಿಡಿಸಿ

ಬೆಟ್ಟದಾವರೆ. ಇದನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ನಮ್ಮ ಹುಡುಗನಿಗೆ ಸಂಧಿ ಕೇಳಿದೆ. ಬೆಟ್ಟದ + ತಾವರೆ ಅಂದ. "ಕೂಡಿಸಿ ನೋಡು" ಅಂದೆ. 'ಬೆಟ್ಟದದಾವರೆ' ಆಯಿತು, ಅವನಿಗೇ ನಗು ಬಂತು. ಆಮೇಲೆ ಬೆಟ್ಟದ + ಆವರೆ, ಲೋಪ ಅಂದ. ಆವರೆ ಅಂದರೇನೋ ಅಂದೆ. ಸುಮ್ನಾದ.

ಗೊಂದಲ ಎಲ್ಲ ಆ ದಕಾರದ್ದು. ಅದು ನೋಡೋಕೆ 'ಬೆಟ್ಟದ' ಪದದಲ್ಲಿರುವ ದ ಥರವೇ ಇದೆ. ಆದರೆ ಆ ದ ಸಮಾಸ ಆಗುವಾಗಲೇ ಪ್ರತ್ಯಯದ ಜೊತೆ ಬಿದ್ದುಹೋಯಿತು. ಬೆಟ್ಟದ + ತಾವರೆ, ವಿಭಕ್ತಿ ಹೋಗಿ ಬೆಟ್ಟ, ತಾವರೆ ಎರಡೇ ಉಳಿದವು. ಆಮೇಲೆ ತಾವರೆಯ ತ ಹೋಗಿ ದ ಬಂತು. ಪದದಲ್ಲಿ ನಮಗೆ ಕಾಣುತ್ತಿರುವುದು ಈ ಎರಡನೇ ದ. ಅಂದರೆ ಸಮಾಸ ಮೊದಲು, ಸಂಧಿ ಆಮೇಲೆ. ಉತ್ತರ ಹೀಗೆ ಬರೆಯಬೇಕು:

ಸಂಧಿ: ಬೆಟ್ಟ + ತಾವರೆ = ಬೆಟ್ಟದಾವರೆ, ಆದೇಶ ಸಂಧಿ (ತ ಕಾರಕ್ಕೆ ದ ಕಾರ ಆದೇಶ).

ಸಮಾಸ: ಬೆಟ್ಟದ + ತಾವರೆ = ಬೆಟ್ಟದಾವರೆ, ತತ್ಪುರುಷ ಸಮಾಸ (ಷಷ್ಠಿ).

ಹುಡುಗ ಎರಡು ಸಾಲನ್ನೂ ಬರೆದುಕೊಂಡು ಸ್ವಲ್ಪ ಹೊತ್ತು ನೋಡಿದ. "ಹಾಗಾದ್ರೆ ಮಳೆಗಾಲದಲ್ಲೂ ಮೊದಲು 'ಮಳೆಯ'ದಲ್ಲಿರೋ ಯ ಬಿತ್ತು, ಆಮೇಲೆ ಕ ಹೋಗಿ ಗ ಬಂತು ಅಲ್ವಾ?" ಅಂದ. ಹೌದು ಅಂದೆ. ಪುಟ ತಿರುಗಿಸಿ ಹಳೆಯ ಉತ್ತರದ ಮೇಲೆ ತಾನೇ ಒಂದು ಗೆರೆ ಎಳೆದ.